ಚಿಟಿಕೆ ಮಣ್ಣಿನ ಹಿಂದೆ ನಾಲ್ಕು ಮೇಜು: ಶಾಲೆಯ ಮಕ್ಕಳಿಗೆ ಪ್ರಯೋಗಶಾಲೆಯನ್ನು ತೋರಿಸುವ ಬಗೆ

ಶಾಲೆಯ ಮಕ್ಕಳನ್ನು ಪ್ರಯೋಗಶಾಲೆಗೆ ಕರೆದುಕೊಂಡು ಹೋಗುವ ಪದ್ಧತಿ ಈಗ ಹಲವು ಕಡೆಗಳಲ್ಲಿ ಉಂಟು. ಆದರೆ ಹೋಗಿಬಂದ ಮಗುವು ಮನೆಯಲ್ಲಿ “ದೊಡ್ಡ ದೊಡ್ಡ ಯಂತ್ರಗಳಿದ್ದುವು” ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳಲಾರದೆ ಹೋದರೆ, ತೋರಿಸಿದವರು ಯಂತ್ರಗಳನ್ನು ತೋರಿಸಿದರೇ ಹೊರತು ಕೆಲಸವನ್ನು ತೋರಿಸಲಿಲ್ಲವೆಂದು ತಿಳಿಯಬೇಕು. ಇದಕ್ಕೆ ಒಳ್ಳೆಯ ಉಪಾಯವೆಂದರೆ, ಒಂದೇ ಪದಾರ್ಥವನ್ನು ಹಿಡಿದು ಅದರ ಹಿಂದೆಯೇ ಮೇಜಿನಿಂದ ಮೇಜಿಗೆ ನಡೆಯುವುದು. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಔಷಧಿಯನ್ನು ಹುಡುಕುವ ಪ್ರಯೋಗಶಾಲೆಯೊಂದನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಮುಂದಿನ ಮಾತುಗಳು ತೋರಿಸುವವರು ಮಕ್ಕಳಿಗೆ ಹೇಳತಕ್ಕವು. ಪ್ರಶ್ನೆಯನ್ನು ಕೇಳಿದೊಡನೆ ತಾವೇ ಉತ್ತರ ಹೇಳಿಬಿಡದೆ ಸ್ವಲ್ಪ ಕಾದಿರಬೇಕು. ಮಕ್ಕಳ ತಪ್ಪು ಉತ್ತರದಿಂದಲೂ ಮಾತು ಮುಂದುವರಿಯುತ್ತದೆ.

ಮೊದಲನೆಯ ಮೇಜು: ತೂಗುವುದು, ತೆಳುಮಾಡುವುದು

“ಮಕ್ಕಳೇ, ಈ ಕಾಗದದ ಮೇಲೆ ಹರಡಿರುವುದು ತೋಟದ ಮಣ್ಣು. ಕೆಲವು ದಿನ ನೆರಳಿನಲ್ಲಿ ಆರಿಸಿದ್ದೇವೆ. ಏಕೆ ಆರಿಸಿರಬಹುದು?

“ಒಣಗಿದಾಗ ಅನೇಕ ಸೂಕ್ಷ್ಮಜೀವಿಗಳು ಸಾಯುತ್ತವೆ. ಆದರೆ ನಾವು ಹುಡುಕುವ ‘ಸ್ಟ್ರೆಪ್ಟೊಮೈಸೀಸ್’ ಎಂಬ ಜಾತಿಯು ಬೀಜಕಣಗಳ ರೂಪದಲ್ಲಿ ಬದುಕಿಕೊಳ್ಳುತ್ತದೆ. ಹೀಗೆ ಬೇಡದವುಗಳ ಗುಂಪು ಕರಗಿ, ಬೇಕಾದುದು ಕಣ್ಣಿಗೆ ಬೀಳುವುದು ಸುಲಭವಾಗುತ್ತದೆ.

“ಈಗ ಒಂದು ಗ್ರಾಂ ಮಣ್ಣನ್ನು ಮೊದಲನೆಯ ನಳಿಗೆಯ ನೀರಿನಲ್ಲಿ ಕದಡಿ, ಒಟ್ಟು ಹತ್ತು ಮಿಲಿಲೀಟರು ಆಗುವಂತೆ ಮಾಡುತ್ತಾರೆ. ಅದರಿಂದ ಒಂದು ಮಿಲಿಲೀಟರನ್ನು ತೆಗೆದು, ಎರಡನೆಯ ನಳಿಗೆಯಲ್ಲಿರುವ ಒಂಬತ್ತು ಮಿಲಿಲೀಟರು ನೀರಿಗೆ ಬೆರಸುತ್ತಾರೆ. ಅದರಿಂದ ಮೂರನೆಯದಕ್ಕೆ, ಮೂರನೆಯದರಿಂದ ನಾಲ್ಕನೆಯದಕ್ಕೆ. ಮೊದಲನೆಯ ನಳಿಗೆಯನ್ನು ನೋಡಿರಿ, ಹೊಳೆಯ ಪ್ರವಾಹದಂತೆ ಕೆಂಪಾಗಿದೆ. ನಾಲ್ಕನೆಯದು ತಿಳಿನೀರಿನಂತೆ ಕಾಣುತ್ತದೆ. ಅದರಲ್ಲಿ ಏನಾದರೂ ಇರಬಹುದೇ? ಇರುವುದಾದರೆ ಅದನ್ನು ಎಣಿಸುವುದು ಹೇಗೆ?”

ಈ ಪ್ರಶ್ನೆಗೆ ಇಲ್ಲಿಯೇ ಉತ್ತರ ಹೇಳಬಾರದು. ಅದು ಎರಡನೆಯ ಮೇಜಿಗೆ ಮೀಸಲು.

ಎರಡನೆಯ ಮೇಜು: ಕಾಣದುದನ್ನು ಎಣಿಸುವುದು

“ಈ ಮುಚ್ಚಳದ ತಟ್ಟೆಗೆ ಪೆಟ್ರಿ ತಟ್ಟೆಯೆಂದು ಹೆಸರು. ಜೂಲಿಯಸ್ ರಿಚರ್ಡ್ ಪೆಟ್ರಿ ಎಂಬ ಜರ್ಮನ್ ವೈದ್ಯನು 1887ರಲ್ಲಿ ಇದನ್ನು ವರ್ಣಿಸಿದನು. ಒಳಗೆ ಗಟ್ಟಿಯಾಗಿ ನಿಂತಿರುವುದು ಏನು? ನಿಮ್ಮಲ್ಲಿ ಕೆಲವರು ಮನೆಯಲ್ಲಿ ಇದನ್ನು ಸಿಹಿ ಮಾಡಿ ತಿಂದಿದ್ದೀರಿ!

“ಇದು ಚೈನಾ ಗ್ರಾಸ್, ಎಂದರೆ ಕಡಲ ಪಾಚಿಯಿಂದ ತೆಗೆದ ಅಗರ್. ಇದನ್ನು ಪ್ರಯೋಗಶಾಲೆಗೆ ತಂದ ಯುಕ್ತಿ ಅಡುಗೆಮನೆಯದು. ಜರ್ಮನಿಯಲ್ಲಿ ರಾಬರ್ಟ್ ಕಾಖ್ ಎಂಬ ಪ್ರಸಿದ್ಧ ವೈದ್ಯನ ಬಳಿ ವಾಲ್ಟರ್ ಹೆಸ್ಸೆ ಎಂಬುವನು ಕೆಲಸ ಮಾಡುತ್ತಿದ್ದನು. ಆತನು ಸೂಕ್ಷ್ಮಜೀವಿಗಳನ್ನು ಜೆಲಾಟಿನ್ನಿನ ಮೇಲೆ ಬೆಳೆಸುತ್ತಿದ್ದನು. ಬೇಸಗೆಯ ಸೆಕೆಗೆ ಜೆಲಾಟಿನ್ ಕರಗಿ ನೀರಾಗುತ್ತಿತ್ತು. ಕೆಲವು ಜೀವಿಗಳಂತೂ ಅದನ್ನೇ ತಿಂದು ಕರಗಿಸುತ್ತಿದ್ದುವು. ಆಗ, 1881ರಲ್ಲಿ, ಆತನ ಹೆಂಡತಿ ಫ್ಯಾನಿ ಹೆಸ್ಸೆ, ತಾನು ಹಣ್ಣಿನ ಪಾಕಗಳಿಗೆ ಹಾಕುತ್ತಿದ್ದ ಅಗರನ್ನು ಉಪಯೋಗಿಸಿ ನೋಡಿರೆಂದಳು. ಅಗರು ಕರಗಬೇಕಾದರೆ ನೀರು ಕುದಿಯುವ ಹದಕ್ಕೆ ಹತ್ತಿರ ಬರಬೇಕು. ಒಮ್ಮೆ ಹೆಪ್ಪುಗಟ್ಟಿದ ಮೇಲೆ ನಮ್ಮ ಮೈಯ ಶಾಖಕ್ಕೆ ಕರಗುವುದಿಲ್ಲ. ಅದನ್ನು ತಿನ್ನಬಲ್ಲ ಸೂಕ್ಷ್ಮಜೀವಿಗಳೂ ವಿರಳ.

“ನಾಲ್ಕನೆಯ ನಳಿಗೆಯಿಂದ ಒಂದು ಮಿಲಿಲೀಟರಿನ ಹತ್ತನೆಯ ಒಂದು ಪಾಲನ್ನು, ಎಂದರೆ ಎರಡು ಹನಿಗಳಷ್ಟನ್ನು, ಈ ತಟ್ಟೆಯ ಮೇಲೆ ಸವರಿದ್ದಾರೆ. ಒಂದೊಂದು ಜೀವಿಯೂ ಬಿದ್ದಲ್ಲಿಯೇ ಸಂತಾನವನ್ನು ಬೆಳೆಸಿ, ಕಣ್ಣಿಗೆ ಕಾಣುವ ಒಂದು ಚುಕ್ಕೆಯಾಗುತ್ತದೆ. ಎಣಿಸಿರಿ. ಇಲ್ಲಿ 43 ಚುಕ್ಕೆಗಳಿವೆ. ಹಾಗಾದರೆ ಒಂದು ಗ್ರಾಂ ಮಣ್ಣಿನಲ್ಲಿ ಎಷ್ಟು?”

ಮಕ್ಕಳಿಗೆ ಸೀಮೆಸುಣ್ಣವನ್ನು ಕೊಟ್ಟು ಹಲಗೆಯ ಮೇಲೆ ಲೆಕ್ಕ ಮಾಡಿಸಬೇಕು. ಹತ್ತನೆಯ ಒಂದು ಪಾಲಿನಲ್ಲಿ 43 ಇದ್ದರೆ ಒಂದು ಮಿಲಿಲೀಟರಿನಲ್ಲಿ 430. ನಾಲ್ಕನೆಯ ನಳಿಗೆಯ ಪ್ರತಿ ಮಿಲಿಲೀಟರಿನಲ್ಲಿಯೂ ಇರುವ ಮಣ್ಣು ಒಂದು ಗ್ರಾಮಿನ ಹತ್ತು ಸಾವಿರದ ಒಂದು ಭಾಗ. ಆದುದರಿಂದ 430ನ್ನು 10,000ದಿಂದ ಗುಣಿಸಿದರೆ 43 ಲಕ್ಷ. ತಿಳಿನೀರಿನಂತೆ ಕಂಡುದರಲ್ಲಿ ಏನಿತ್ತೆಂಬುದು ಈಗ ಹೊರಬಿದ್ದಿತು.

“ಆದರೆ ಈ ಲೆಕ್ಕವನ್ನು ನಂಬಬಹುದೇ? ಮೂರನೆಯ ನಳಿಗೆಯಿಂದ ಸವರಿದ ತಟ್ಟೆಯಲ್ಲಿ ಸುಮಾರು 430 ಚುಕ್ಕೆಗಳಿರಬೇಕು. ನಾಲ್ಕನೆಯದರಿಂದ ಮತ್ತೊಮ್ಮೆ ತೆಳುಮಾಡಿದ ಐದನೆಯದರಲ್ಲಿ ನಾಲ್ಕೋ ಐದೋ ಇರಬೇಕು. ಅಲ್ಲಿಯೂ ನಲವತ್ತು ಕಂಡರೆ, ಹೀರುಗೊಳವೆಯನ್ನು ಬದಲಾಯಿಸದೆ ಹಿಂದಿನ ನಳಿಗೆಯ ಮಣ್ಣನ್ನು ಮುಂದಿನದಕ್ಕೆ ಹೊತ್ತುಹಾಕಿರುವರೆಂದು ಊಹಿಸಬಹುದು. ಈ ಕೊನೆಯ ತಟ್ಟೆಗೆ ಮಣ್ಣನ್ನು ಹಾಕಿಯೇ ಇಲ್ಲ; ಬರಿಯ ಶುದ್ಧ ನೀರನ್ನು ಸವರಿದ್ದಾರೆ. ಏನೂ ಬೆಳೆಯಬಾರದ ತಟ್ಟೆಯಿಂದ ಪ್ರಯೋಜನವೇನು?”

ಯಾರಾದರೊಬ್ಬ ಹುಡುಗಿ ಉತ್ತರವನ್ನು ಹೇಳಿಯೇ ಹೇಳುವಳು: ಅದರಲ್ಲಿಯೂ ಚುಕ್ಕೆ ಬೆಳೆದರೆ, ಕೊಳೆಯು ನೀರಿನಿಂದಲೋ ಗಾಳಿಯಿಂದಲೋ ಕೈಯಿಂದಲೋ ಬಂದಿದೆ, ಅಂದಿನ ಕೆಲಸವನ್ನೆಲ್ಲ ಬಿಸುಟು ಮೊದಲಿನಿಂದ ಮಾಡಬೇಕು. ಇನ್ನೊಂದು ಮಿತಿಯನ್ನೂ ಮುಚ್ಚಿಡಬಾರದು. ಮಣ್ಣಿನ ಜೀವಿಗಳಲ್ಲಿ ಈ ತಟ್ಟೆಯ ಮೇಲೆ ಬೆಳೆಯಲೊಪ್ಪುವುವು ಸ್ವಲ್ಪ ಭಾಗ ಮಾತ್ರ. 43 ಲಕ್ಷವೆಂಬುದು ಇಲ್ಲಿ ಬೆಳೆದವುಗಳ ಲೆಕ್ಕ, ಇರುವವುಗಳ ಲೆಕ್ಕವಲ್ಲ.

ಮೂರನೆಯ ಮೇಜು: ಜಗಳವನ್ನು ನೋಡುವುದು

“ಮೊದಲ ಮಳೆ ಬಿದ್ದಾಗ ನೆಲದಿಂದ ಬರುವ ವಾಸನೆ ಯಾವುದರಿಂದೆಂದು ಬಲ್ಲಿರಾ? ಅದರಲ್ಲಿ ಮುಖ್ಯವಾದುದು ಜಿಯೋಸ್ಮಿನ್ ಎಂಬ ವಸ್ತು. ಅದನ್ನು ಮಾಡುವವರಲ್ಲಿ ಈ ಸ್ಟ್ರೆಪ್ಟೊಮೈಸೀಸ್ ಪ್ರಮುಖ. ತಟ್ಟೆಯಲ್ಲಿ ಸುಣ್ಣದ ಪುಡಿ ಉದುರಿಸಿದಂತೆ ಕಾಣುವ ಒಣ ಚುಕ್ಕೆಗಳೇ ಅವು. ಮಿಕ್ಕ ಬ್ಯಾಕ್ಟೀರಿಯಾಗಳು ಒಂದೆರಡು ದಿನದಲ್ಲಿ ಕಂಡರೆ, ಇವಕ್ಕೆ ಸುಮಾರು ಒಂದು ವಾರ ಬೇಕು. ತಟ್ಟೆಯನ್ನು ಮೂಸಲು ಹೋಗಬೇಡಿರಿ. ವಾಸನೆಯನ್ನು ಮಳೆಗಾಲದಲ್ಲಿ ನೋಡಿಕೊಳ್ಳಬಹುದು.

“ಈ ತಟ್ಟೆಯ ಒಂದು ಅಂಚಿನಲ್ಲಿ ಸ್ಟ್ರೆಪ್ಟೊಮೈಸೀಸನ್ನು ಗೆರೆಯಾಗಿ ಎಳೆದು ಒಂದು ವಾರ ಬೆಳೆಸಿದ್ದಾರೆ. ಅನಂತರ ಅದಕ್ಕೆ ಅಡ್ಡಲಾಗಿ, ಬೇರೆ ಬೇರೆ ಬ್ಯಾಕ್ಟೀರಿಯಾಗಳ ಮೂರು ಗೆರೆಗಳನ್ನು ಅದರ ಬಳಿಯವರೆಗೂ ಎಳೆದು ಒಂದು ದಿನ ಬಿಟ್ಟಿದ್ದಾರೆ. ಏನು ಕಾಣುತ್ತದೆ?

“ಮೊದಲನೆಯ ಗೆರೆಯು ಎರಡು ಬೆರಳಷ್ಟು ದೂರದಲ್ಲಿಯೇ ನಿಂತುಬಿಟ್ಟಿದೆ. ಎರಡನೆಯದು ನಿರ್ಭಯವಾಗಿ ಹತ್ತಿರದವರೆಗೂ ಬೆಳೆದಿದೆ. ಮೂರನೆಯದೂ ದೂರದಲ್ಲಿಯೇ ನಿಂತಿದೆ; ಆದರೆ ಬರಿದಾದ ಜಾಗದಲ್ಲಿ ಎರಡು ಒಂಟಿ ಚುಕ್ಕೆಗಳಿವೆ. ಮೊದಲನೆಯದನ್ನು ತಡೆದವರು ಯಾರು?”

ಮಕ್ಕಳು “ಔಷಧಿ” ಎಂದು ಕೂಗುವರು. ಆಗ ಅವರನ್ನು ತಡೆದು ಮತ್ತೆ ಕೇಳಬೇಕು: “ಆಹಾರವು ಮುಗಿದುಹೋಗಿ ಬೆಳೆಯದೆ ಇದ್ದಿರಬಾರದೇಕೆ?” ಎರಡನೆಯ ಗೆರೆಯು ಅದೇ ಜಾಗದಲ್ಲಿ ಚೆನ್ನಾಗಿ ಬೆಳೆದಿರುವುದು ಈ ಸಂಶಯವನ್ನು ಬಹುಮಟ್ಟಿಗೆ ಕಳೆಯುತ್ತದೆ. ಆದರೂ ಸಂಶೋಧಕರು ಅಷ್ಟಕ್ಕೆ ಒಪ್ಪುವುದಿಲ್ಲ. ಸ್ಟ್ರೆಪ್ಟೊಮೈಸೀಸು ಬೆಳೆದ ದ್ರವವನ್ನು ಸೋಸಿ, ಜೀವಿಗಳಿಲ್ಲದ ಆ ರಸವೇ ಬ್ಯಾಕ್ಟೀರಿಯಾವನ್ನು ತಡೆಯುವುದೇ ಎಂದು ಬೇರೆಯಾಗಿ ನೋಡುತ್ತಾರೆ.

“ಇನ್ನು ಆ ಎರಡು ಒಂಟಿ ಚುಕ್ಕೆಗಳು. ಲಕ್ಷಾಂತರ ಜೀವಿಗಳಲ್ಲಿ ಒಂದೆರಡಕ್ಕೆ ಹುಟ್ಟಿನಿಂದಲೇ ಆ ವಸ್ತುವನ್ನು ತಾಳುವ ಶಕ್ತಿಯಿರುತ್ತದೆ. ಮಿಕ್ಕವು ನಿಂತುಹೋದಾಗ ಇವುಗಳಿಗೆ ಸ್ಥಳವೆಲ್ಲ ಬಿಡುವಾಯಿತು. ಈ ಚುಕ್ಕೆಯಿಂದ ತೆಗೆದು ಹೊಸ ಗೆರೆಯನ್ನು ಎಳೆದರೆ ಅದು ನಿಲ್ಲುವುದೋ, ಮುಂದೆ ಹೋಗುವುದೋ?” ಮುಂದೆ ಹೋಗುತ್ತದೆ. ವೈದ್ಯರು ಹೇಳದೆ ಈ ಬಗೆಯ ಔಷಧಿಗಳನ್ನು ನುಂಗಬಾರದೆನ್ನುವುದು ಏಕೆಂಬುದನ್ನು ಈ ಎರಡು ಚುಕ್ಕೆಗಳು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಹೇಳುತ್ತವೆ.

ನಾಲ್ಕನೆಯ ಮೇಜು: ಹೊಸದೋ ಹಳೆಯದೋ, ಹಿತವೋ ಅಹಿತವೋ

“ಬ್ಯಾಕ್ಟೀರಿಯಾವನ್ನು ತಡೆಯುವುದೆಲ್ಲ ಔಷಧಿಯೇ? ಫಿನೈಲು ಕೂಡ ತಡೆಯುತ್ತದೆಯಲ್ಲವೇ?

“ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಎಂಬ ಮಣ್ಣಿನ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ 1940ರಲ್ಲಿ ಆಕ್ಟಿನೊಮೈಸಿನ್ ಎಂಬ ವಸ್ತು ದೊರಕಿತು. ಅದು ಬ್ಯಾಕ್ಟೀರಿಯಾವನ್ನು ತಡೆದುದೇನೋ ನಿಜ, ಆದರೆ ಪ್ರಾಣಿಗಳಿಗೂ ಘೋರವಾದ ವಿಷವಾಗಿತ್ತು. 1942ರಲ್ಲಿ ಸ್ಟ್ರೆಪ್ಟೊಥ್ರೈಸಿನ್ ದೊರಕಿತು. ಅದು ಮೊದಲು ಸೌಮ್ಯವಾಗಿ ಕಂಡು, ಕೊನೆಗೆ ಮೂತ್ರಪಿಂಡಗಳನ್ನು ಕೆಡಿಸಿತು. 1943ರಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿಯು ಸ್ಟ್ರೆಪ್ಟೊಮೈಸಿನ್ ಎಂಬುದನ್ನು ಕಂಡನು. ಕ್ಷಯರೋಗಕ್ಕೆ ಮೊಟ್ಟಮೊದಲು ನಾಟಿದ ಆಂಟಿಬಯೊಟಿಕ್ ಅದೇ. ಅದಕ್ಕೂ ದೋಷವುಂಟು. ಕೆಲವರ ಕಿವಿಗೆ ಅದರಿಂದ ಹಾನಿಯಾಗುತ್ತದೆ. ಅದೊಂದನ್ನೇ ಕೊಟ್ಟರೆ, ಮೂರನೆಯ ಗೆರೆಯ ಒಂಟಿ ಚುಕ್ಕೆಗಳಂತೆ, ತಾಳುವ ಶಕ್ತಿಯುಳ್ಳ ಕ್ಷಯದ ಕ್ರಿಮಿಗಳು ಕೆಲವು ತಿಂಗಳಲ್ಲಿ ಮೇಲೇಳುತ್ತವೆ. 1948ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯಲ್ಲಿ ಇದು ಸ್ಪಷ್ಟವಾಯಿತು. ಕ್ಷಯಕ್ಕೆ ಇಂದು ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವುದೇಕೆಂದು ಈಗ ಹೇಳಬಲ್ಲಿರಾ? ಒಂದನ್ನು ತಾಳುವ ಕ್ರಿಮಿಯು ಇನ್ನೊಂದನ್ನೂ ತಾಳುವುದು ಬಹಳ ಅಪೂರ್ವ.

“ಈ ಮೇಜಿನ ಯಂತ್ರವು ವಸ್ತುವಿನ ಅಣುವನ್ನು ತೂಗುತ್ತದೆ. ಆ ತೂಕವನ್ನು ಈಗಾಗಲೇ ತಿಳಿದಿರುವ ವಸ್ತುಗಳ ಪಟ್ಟಿಗೆ ಹೋಲಿಸುತ್ತಾರೆ. ಬಹಳ ಸಲ ಬರುವ ಉತ್ತರ, ‘ಇದು ಹಳೆಯದೇ’ ಎಂದು. ವಾರಗಳ ಕೆಲಸವಾದ ಮೇಲೆ ಈ ಉತ್ತರ ಬಂದರೆ ಬೇಸರವೇ. ಆದರೆ ಅದು ಬೇಗ ತಿಳಿದಷ್ಟೂ ಮುಂದಿನ ಮಣ್ಣಿಗೆ ಕಾಲ ಉಳಿಯುತ್ತದೆ.”

ಹೊರಡುವ ಮುನ್ನ

ಹೊರಡುವ ಮೊದಲು ಮೂಲೆಯಲ್ಲಿರುವ ಆಟೋಕ್ಲೇವನ್ನು ತೋರಿಸಬೇಕು. ಬಳಸಿದ ತಟ್ಟೆಗಳನ್ನೆಲ್ಲ ಅದರಲ್ಲಿ ಬೇಯಿಸಿಯೇ ಹೊರಗೆ ಹಾಕುವುದು. “ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಇದರೊಳಗೆ 121 ಡಿಗ್ರಿ ಬಂದುದು ಹೇಗೆ?” ಎಂದು ಕೇಳಿದರೆ, ಪ್ರೆಷರ್ ಕುಕ್ಕರನ್ನು ನೋಡಿರುವ ಮಕ್ಕಳು ಹಬೆಯ ಒತ್ತಡವೆಂದು ಹೇಳುವರು. ಆ ಶಾಖದಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಡಬೇಕು. ಏಕೆಂದರೆ ಕೆಲವು ಬೀಜಕಣಗಳು ಬರಿಯ ಕುದಿತಕ್ಕೆ ಸಾಯುವುದಿಲ್ಲ. ಪೊಟ್ಟಣದ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಕಪ್ಪು ಗೆರೆಗಳು ಮೂಡಿದರೆ ಶಾಖವು ತಗುಲಿತೆಂದು ಮಾತ್ರ ತಿಳಿಯುತ್ತದೆ. ಒಳಗಿನದು ಸತ್ತಿತೆಂಬುದಕ್ಕೆ, ಜೊತೆಯಲ್ಲಿಟ್ಟು ಬೇಯಿಸಿದ ಗಟ್ಟಿ ಬೀಜಕಣಗಳು ಮತ್ತೆ ಮೊಳೆಯದಿರುವುದೇ ಸಾಕ್ಷಿ.

ಕೈ ತೊಳೆಸಿ ಕಳುಹಿಸುವಾಗ ಒಂದು ಪ್ರಶ್ನೆಯನ್ನು ಮನೆಗೆ ಕೊಟ್ಟುಕಳುಹಿಸಬಹುದು: “ಹಾಲನ್ನು ಚೆನ್ನಾಗಿ ಕಾಯಿಸಿ ಮುಚ್ಚಿಟ್ಟರೂ ಎರಡು ದಿನದಲ್ಲಿ ಕೆಡುವುದೇಕೆ?” ಇದಕ್ಕೆ ಬೇಕಾದ ಎರಡು ಸುಳಿವುಗಳೂ, ಗಾಳಿಯಿಂದ ಬೀಳುವುದೊಂದು, ಕುದಿತಕ್ಕೆ ಸಾಯದುದೊಂದು, ಅವರಿಗೆ ಈ ಮೇಜುಗಳಲ್ಲಿಯೇ ಸಿಕ್ಕಿವೆ. ಸಾಯಂಕಾಲ ಮಗುವು ಬಂದು ಕೇಳಿದಾಗ ತಾಯಿತಂದೆಗಳು ಉತ್ತರವನ್ನು ಹೇಳದೆ, ಅದರಿಂದಲೇ ಹೇಳಿಸಬೇಕು.