ಕಳ್ಳನೇ ಬಾರಿಸುವ ಗಂಟೆ

ಹೊತ್ತಲ್ಲದ ಹೊತ್ತಿನಲ್ಲಿ ಯಾರೋ ಲಾಗಿನ್ ಆದರು, ಇನ್ಯಾರೋ ಪಾಸ್‌ವರ್ಡ್ ತಪ್ಪಾಗಿ ಒತ್ತಿದರು ಎಂಬಂಥ ಎಚ್ಚರಿಕೆಗಳು ಕಂಪನಿಗಳ ಭದ್ರತಾ ವಿಭಾಗಕ್ಕೆ ದಿನವಿಡೀ ಬರುತ್ತಲೇ ಇರುತ್ತವೆ. ಬಹುಪಾಲು ನಮ್ಮವರದೇ ಕೆಲಸ. ಈ ಗದ್ದಲದಲ್ಲಿ ನಿಜವಾದ ಕಳ್ಳ ನುಸುಳಿಬಿಡುತ್ತಾನೆ. ಹಾಗಾಗಿ ನಮ್ಮವರು ಯಾರೂ ಮುಟ್ಟಬೇಕಿಲ್ಲದ, ಕಳ್ಳನಿಗೆ ಮಾತ್ರ ಆಸೆ ಹುಟ್ಟಿಸುವ ನಕಲಿ ವಸ್ತುವನ್ನು ಇಟ್ಟು ಕಾಯುವ ಉಪಾಯವೊಂದಿದೆ. ಇದೇ ಹನಿಟೋಕನ್. 1987ರಲ್ಲೇ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕ್ಲಿಫರ್ಡ್ ಸ್ಟಾಲ್ ಸುಳ್ಳು ರಕ್ಷಣಾ ಕಡತಗಳನ್ನಿಟ್ಟು, ಜರ್ಮನಿಯ ಹ್ಯಾಕರ್ ಒಬ್ಬನನ್ನು ಪತ್ತೆಯಾಗುವಷ್ಟು ಹೊತ್ತು ಫೋನ್ ಲೈನಿನಲ್ಲೇ ಹಿಡಿದಿಟ್ಟಿದ್ದರು.

ಇಂದು ಹೆಚ್ಚು ಬಳಕೆಯಲ್ಲಿರುವವುಗಳಲ್ಲಿ ಅಮೆಜಾನ್ ಕ್ಲೌಡ್‌ನ ಕೀಲಿಯೂ ಒಂದು. ಡೆವಲಪರ್‌ಗಳ ಲ್ಯಾಪ್‌ಟಾಪ್‌ನಲ್ಲಿ ಇಂಥ ಕೀಲಿಗಳು `~/.aws/credentials` ಎಂಬ ಫೈಲಿನಲ್ಲಿರುತ್ತವೆ. ಒಳಹೊಕ್ಕವನು ಮೊದಲು ತಡಕಾಡುವ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಹೀಗೆ ಸೇರಿಸುತ್ತಾರೆ:

```
[prod-backup]
aws_access_key_id = AKIA...
aws_secret_access_key = ...
```

ಕೀಲಿ ಅಸಲಿಯೇ, ಆದರೆ ಅದರ ಖಾತೆಗೆ ಯಾವ ಅಧಿಕಾರವನ್ನೂ ಕೊಟ್ಟಿರುವುದಿಲ್ಲ. ಕದ್ದವನು ಇದು ಯಾರದೆಂದು ತಿಳಿಯಲು ಸಾಮಾನ್ಯವಾಗಿ `aws sts get-caller-identity` ಎಂದು ಕೇಳುತ್ತಾನೆ. ಆ ಪ್ರಶ್ನೆ ಅಮೆಜಾನ್‌ನ ಕ್ಲೌಡ್‌ಟ್ರೇಲ್ ದಾಖಲೆಗೆ ಬೀಳುತ್ತದೆ. ಕೆಲವು ನಿಮಿಷಗಳಲ್ಲಿ ಸಮಯ, ಐಪಿ ವಿಳಾಸಗಳ ಸಮೇತ ಸಂದೇಶ ಬರುವಂತೆ ಮೊದಲೇ ಏರ್ಪಾಡು ಮಾಡಿರುತ್ತಾರೆ.

ನಕಲಿ ಎಕ್ಸೆಲ್ ಫೈಲ್ ಇಟ್ಟು, ತೆರೆದ ಕೂಡಲೇ ಸುದ್ದಿ ಬರುವಂತೆಯೂ ಮಾಡಬಹುದು. ಆದರೆ ಫೈಲುಗಳನ್ನು ಆಂಟಿವೈರಸ್, ಬ್ಯಾಕಪ್ ತಂತ್ರಾಂಶಗಳೂ ಮುಟ್ಟುತ್ತವೆ, ಕುತೂಹಲದ ಸಹೋದ್ಯೋಗಿಯೂ ತೆರೆದು ನೋಡಬಹುದು. ಕೀಲಿಯಾದರೆ ಬರೀ ಓದಿದರೆ ಸದ್ದಾಗದು, ಬಳಸಿದರೆ ಮಾತ್ರ. ಹಾಗಾಗಿ ಹುಸಿ ಕರೆ ತೀರಾ ಕಡಿಮೆ. ಹೆಸರನ್ನು ಮಾತ್ರ `default` ಎಂದು ಇಡಬಾರದು. ಇಟ್ಟರೆ ನಮ್ಮದೇ ಸ್ಕ್ರಿಪ್ಟ್‌ಗಳು ಅದನ್ನು ಎತ್ತಿಕೊಂಡು ಗಂಟೆ ಬಾರಿಸುತ್ತವೆ.

ಪ್ರತಿ ಜಾಗಕ್ಕೂ ಬೇರೆ ಬೇರೆ ಕೀಲಿ ಇಟ್ಟು, ಯಾವುದು ಎಲ್ಲಿದೆ ಎಂದು ಬರೆದಿಡಬೇಕು. ಆಗ ಸೋರಿದ್ದು ಲೆಕ್ಕಪತ್ರ ವಿಭಾಗದ ಸರ್ವರ್‌ನಿಂದಲೋ ಯಾರದೋ ಲ್ಯಾಪ್‌ಟಾಪ್‌ನಿಂದಲೋ ಎಂಬುದು ಸಂದೇಶದಲ್ಲೇ ತಿಳಿಯುತ್ತದೆ. ಇಟ್ಟ ಮೇಲೆ ತಾವೇ ಒಮ್ಮೆ ಬಳಸಿ, ಸಂದೇಶ ಬಂದೇ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಹಾಗಂತ ಇದು ಕಳ್ಳನನ್ನು ತಡೆಯುವುದಿಲ್ಲ. ಕೀಲಿಯ ಅಕ್ಷರಗಳಿಂದಲೇ ಖಾತೆಯ ಸಂಖ್ಯೆಯನ್ನು ಬಿಡಿಸಬಹುದಾದ್ದರಿಂದ, ಹನಿಟೋಕನ್ ಸೇವೆಗಳ ಖಾತೆಗಳನ್ನು ಬಲ್ಲ ಚಾಲಾಕಿ ಅದನ್ನು ಮುಟ್ಟದೆ ಮುಂದೆ ಹೋಗುತ್ತಾನೆ. ಗಂಟೆ ಬಾರಿಸದಿದ್ದರೆ ಯಾರೂ ಬಂದಿಲ್ಲ ಎಂದೇನೂ ಅಲ್ಲ. ಬಾರಿಸಿತೆಂದರೆ ಮಾತ್ರ, ಆ ಯಂತ್ರದಲ್ಲಿದ್ದ ಅಸಲಿ ಪಾಸ್‌ವರ್ಡ್‌ಗಳೂ ಕೀಲಿಗಳೂ ಕಳುವಾಗಿವೆ ಎಂದೇ ಭಾವಿಸಿ ಎಲ್ಲವನ್ನೂ ಆ ದಿನವೇ ಬದಲಿಸಬೇಕು.