ಗ್ರೂಪಿನ ತಮಾಷೆಯನ್ನು ನಡಾವಳಿ ಮಾಡೋದು ಹೇಗೆ?

ಚೆನ್ನೈನ ನಮ್ಮ ಕನ್ನಡ ಸಂಘದಲ್ಲಿ ನಡಾವಳಿ ಬರೆಯೋದು ನನ್ನ ಪಾಲಿನ ಕೆಲಸ. ಸಂಘ 1975ರ ತಮಿಳುನಾಡು ಸೊಸೈಟಿಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದೆ. ಆಡಿಟರ್ ಬಂದಾಗ "ಈ ಖರ್ಚಿಗೆ ಠರಾವು ಎಲ್ಲಿ?" ಅಂತ ಕೇಳ್ತಾರೆ. ಆದರೆ ಅರ್ಧ ಮಾತು ನಡೆಯೋದು ವಾಟ್ಸಾಪ್‌ನಲ್ಲಿ, ಅದೂ ತಮಾಷೆಯಲ್ಲಿ. ಒಂದು ಸಲದ ಮಾತು ನೋಡಿ:

ಕಾರ್ಯದರ್ಶಿ: ರಾಜ್ಯೋತ್ಸವದ ಹಾಲ್‌ಗೆ 18,000 ಕೇಳ್ತಿದ್ದಾರೆ.
ಖಜಾಂಚಿ: ನನ್ನ ಕಿಡ್ನಿ ಮಾರ್ಲಾ ಸಾರ್?
ಒಬ್ಬ ಸದಸ್ಯರು: ಕಿಡ್ನಿ ಇಟ್ಕೊಳ್ಳಿ, 15ರ ಮೇಲೆ ಬೇಡ.
ಇನ್ನೊಬ್ಬರು: ಬಿಸಿಬೇಳೆಬಾತ್ ಇಲ್ಲಾಂದ್ರೆ ನಾನು ರಾಜೀನಾಮೆ!
ಅಧ್ಯಕ್ಷರು: 15ಕ್ಕೆ ಮಾತಾಡಿ ಮುಗಿಸಿ.

ಕೆಳಗೆ ಐದು ಹೆಬ್ಬೆರಳು, ಮೂರು ನಗು.

ಮೊದಲ ವರ್ಷ ನಾನು ತಮಾಷೆಯನ್ನೆಲ್ಲ ಅಳಿಸಿ, ಉಳಿದದ್ದನ್ನು ಬರೆದಿದ್ದೆ. ಆಗ ಖಜಾಂಚಿಗಳು "ನನ್ನ ಆಕ್ಷೇಪ ಎಲ್ಲಿ ಹೋಯ್ತು?" ಅಂತ ಕೇಳಿದರು. ಅವರ ಮಾತು ಸರಿಯಾಗಿತ್ತು. ಕಿಡ್ನಿ ಮಾತು ನಗುವಿನ ವೇಷ ಹಾಕಿದ ಆಕ್ಷೇಪ. ರಾಜೀನಾಮೆ ಮಾತು ಮಾತ್ರ ಬರೀ ನಗು. ಹಾಗಾಗಿ ಈಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳ್ತೀನಿ: ಈ ಸಾಲು ಇಲ್ಲದೇ ಇದ್ದಿದ್ರೆ ತೀರ್ಮಾನ ಬದಲಾಗ್ತಿತ್ತಾ? ಬದಲಾಗೋ ಹಾಗಿದ್ರೆ ಅದರ ಹುರುಳನ್ನು ಬರೀತೀನಿ, ಹಾಸ್ಯವನ್ನು ಬಿಡ್ತೀನಿ. ಅನುಮಾನ ಇದ್ದರೆ ಆಡಿದವರಿಗೇ ಫೋನ್ ಮಾಡ್ತೀನಿ. ಬಿಸಿಬೇಳೆಬಾತಿನ ಬಗ್ಗೆ ಕೇಳಿದಾಗ, ಊಟದ ಪಟ್ಟಿ ನಿಜಕ್ಕೂ ಚರ್ಚೆ ಆಗಬೇಕು ಅಂದ್ರು. ಅದು ಮುಂದಿನ ಸಭೆಯ ವಿಷಯಪಟ್ಟಿಗೆ ಹೋಯಿತು.

ಹೆಬ್ಬೆರಳು ಇನ್ನೊಂದು ತೊಡಕು. ಒಬ್ಬರಿಗೆ ಅದು "ಒಪ್ಪಿದೆ", ಇನ್ನೊಬ್ಬರಿಗೆ "ನೋಡಿದೆ". ಅದನ್ನು ಮತ ಅಂತ ಎಣಿಸಬಾರದು. ನಾನು ಗ್ರೂಪಿನಲ್ಲಿ ಹೀಗೆ ಹಾಕ್ತೀನಿ: "15,000ದ ಮಿತಿಗೆ ಒಪ್ಪಿಗೆ ಇದ್ದವರು 'ಒಪ್ಪಿದೆ' ಅಂತ ಬರೆಯಿರಿ." ಅಷ್ಟಾದರೂ ಗ್ರೂಪಿನ ಮಾತು ಸಭೆಯಾಗಲ್ಲ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ, ಕೋರಂ ಇರುವಾಗ, ಅದನ್ನು ಸ್ಥಿರೀಕರಿಸಿದ ಮೇಲೆ ಹೀಗೆ ಬರೆದೆ:

"ರಾಜ್ಯೋತ್ಸವದ ಸಭಾಂಗಣಕ್ಕೆ ರೂ. 18,000 ಬಾಡಿಗೆ ಕೇಳಿರುವುದಾಗಿ ಕಾರ್ಯದರ್ಶಿ ತಿಳಿಸಿದರು. ಮೊತ್ತ ಹೆಚ್ಚೆಂದು ಖಜಾಂಚಿ ಆಕ್ಷೇಪಿಸಿದರು. ರೂ. 15,000 ಮೀರದಂತೆ ಗೊತ್ತುಮಾಡಲು ಸದಸ್ಯರು ಗ್ರೂಪಿನಲ್ಲಿ ನೀಡಿದ್ದ ಒಪ್ಪಿಗೆಯನ್ನು ಸಭೆಯು ಸ್ಥಿರೀಕರಿಸಿತು. ಹೊಣೆ: ಕಾರ್ಯದರ್ಶಿ."

ಇದಕ್ಕೆ ಸಭೆ ನಡೆದ ದಿನದ ತಾರೀಖನ್ನೇ ಹಾಕಬೇಕು. ಗ್ರೂಪಿನ ತಾರೀಖು ಹಾಕಿದ್ರೆ, ನಡೆಯದ ಸಭೆಯನ್ನು ದಾಖಲೆಯಲ್ಲಿ ನಡೆಸಿದ ಹಾಗಾಗುತ್ತೆ. ಕರಡನ್ನು ಅದೇ ಗ್ರೂಪಿಗೆ ಹಾಕಿ, ತಿದ್ದುಪಡಿಗೆ ಮೂರು ದಿನ ಕೊಡ್ತೀನಿ. ನಗು ಬಿಟ್ಟುಹೋಗಿದೆ ಅಂತ ಯಾರೂ ದೂರಿಲ್ಲ. ಆಕ್ಷೇಪ ಬಿಟ್ಟುಹೋದ್ರೆ ಮಾತ್ರ ದೂರು ಬಂದೇ ಬರುತ್ತೆ.