ನಿಮಗಿದು ಗೊತ್ತೆ? ನೋವಿಲ್ಲದ ರಕ್ತಸ್ರಾವ

ಮೂಲವ್ಯಾಧಿಯೆಂದು ನಾವು ಕರೆಯುವುದು ಹೊರಗಿನಿಂದ ಬಂದಂಟಿದ ಕಳಂಕವಲ್ಲ. ಗುದನಾಳದೊಳಗೆ ಮನುಷ್ಯಮಾತ್ರರೆಲ್ಲರಿಗೂ ಹುಟ್ಟಿನಿಂದಲೇ ಇರುವ, ಮಲ ಸೋರದಂತೆ ತಡೆಯಲು ನೆರವಾಗುವ ರಕ್ತನಾಳಗಳ ಮೆತ್ತೆಗಳೇ ತಿಣುಕುವಿಕೆಯಿಂದಲೂ ಗರ್ಭಭಾರದಿಂದಲೂ ಉಬ್ಬಿ ಕೆಳಜಾರಿದಾಗ ಆ ಹೆಸರನ್ನು ಪಡೆಯುತ್ತವೆ.

ಒಳಮೂಲವಿರುವ ಭಾಗದಲ್ಲಿ ನೋವನ್ನು ತಿಳಿಸುವ ನರಗಳಿಲ್ಲದ ಕಾರಣ, ರಕ್ತ ಹನಿಹನಿಯಾಗಿ ತೊಟ್ಟಿಕ್ಕಿದರೂ ಸಾಮಾನ್ಯವಾಗಿ ನೋವಿರದು. ಗೃಹಿಣಿಯೊಬ್ಬಳನ್ನು ಊಹಿಸಿಕೊಳ್ಳಿ: ಬಿಳಿಯ ಕಮೋಡಿನಲ್ಲಿ ಕೆಂಪು ಕಂಡಾಗ 'ಉಷ್ಣವಾಗಿದೆ' ಎಂದು ಮಜ್ಜಿಗೆ ಕುಡಿದು, ಪರೀಕ್ಷೆಗೆ ಅಂಜಿ ಗಂಡನಿಗೂ ಹೇಳದೆ ಎರಡು ವರುಷ ಕಳೆದವಳು, ಕಡೆಗೆ ಮೆಟ್ಟಿಲೇರುವಾಗ ಏದುಸಿರು ಬಂದು ವೈದ್ಯರಲ್ಲಿಗೆ ಹೋದರೆ, ಅಲ್ಲಿ ಮೊದಲು ಪತ್ತೆಯಾಗುವುದು ರಕ್ತಹೀನತೆ.

ಆಕೆ ಅಂಜಿದ ಪರೀಕ್ಷೆಯಾದರೋ ಕೆಲವೇ ನಿಮಿಷಗಳದು: ಎಡಮಗ್ಗುಲಾಗಿ ಮಲಗಿಸಿ, ಹೊದಿಕೆ ಹೊದಿಸಿ, ವೈದ್ಯರು ಬೆರಳಿನಿಂದಲೂ ಸಣ್ಣ ಕೊಳವೆಯಿಂದಲೂ ನೋಡುತ್ತಾರೆ, ಮಹಿಳಾ ವೈದ್ಯರನ್ನೋ ಜೊತೆಗೆ ದಾದಿಯನ್ನೋ ಕೇಳಬಹುದು. ಆರಂಭದ ಹಂತದಲ್ಲಿ ನಾರಿನ ಆಹಾರ, ನೀರು, ತಿಣುಕದಿರುವುದು ಬಹುಮಟ್ಟಿಗೆ ಸಾಕು. ಸಾಲದಿದ್ದರೆ ಮೂಲದ ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಬಳೆ ತೊಡಿಸುತ್ತಾರೆ, ಗಂಟು ಬಾಡಿ ಸುಮಾರು ಒಂದು ವಾರದಲ್ಲಿ ಉದುರುತ್ತದೆ.

ಆದರೆ ರಕ್ತವೆಲ್ಲವೂ ಮೂಲವ್ಯಾಧಿಯದೇ ಅಲ್ಲವೆಂಬುದನ್ನು ನಾನು ಒತ್ತಿ ಹೇಳಬೇಕಾಗಿದೆ. ಮಲದೊಡನೆ ಬೆರೆತ ಕಪ್ಪುಗೆಂಪು ರಕ್ತ, ವಾರಗಟ್ಟಲೆ ಬದಲಾದ ಶೌಚದ ರೀತಿ, ಕಾರಣವಿಲ್ಲದೆ ಇಳಿದ ತೂಕ, ಇವು ಕರುಳಿನ ಅರ್ಬುದದ ಸೂಚನೆಗಳೂ ಆಗಿರಬಹುದಾದ್ದರಿಂದ, ಇವು ಕಂಡವರು ಮುಲಾಮು ಕೊಳ್ಳುವ ಮೊದಲೇ ವೈದ್ಯರಿಗೆ ತೋರಿಸಿಕೊಳ್ಳತಕ್ಕದ್ದು.